ಬಾಗಿಲ ಬಳಿಯ ಆಸನ

ನಾಲ್ಕು ವರ್ಷಗಳ ಹಿಂದೆ ಪ್ರವಚನ ಸಭೆಯೊಂದರಲ್ಲಿ ಕುಳಿತಿದ್ದಾಗ ಹಠಾತ್ತನೆ ನನ್ನ ಎದೆ ಬಡಿದುಕೊಂಡಿತು. ಗಂಟಲು ಒಣಗಿ, ಈಗಲೇ ಪ್ರಾಣ ಹೋಗುವುದೆಂಬ ಭೀತಿ ಆವರಿಸಿತು. ವೈದ್ಯರು ಹೃದಯವನ್ನೂ ಥೈರಾಯ್ಡನ್ನೂ ಪರೀಕ್ಷಿಸಿ ದೋಷವಿಲ್ಲವೆಂದರು. ಆದರೂ ಅಂದಿನಿಂದ ನೀರಿನ ಬಾಟಲಿಯಿಲ್ಲದೆ ನಾನು ಹೊರಗೆ ಹೊರಡಲಿಲ್ಲ. ಯಾವ ಸಭೆಯಲ್ಲಾದರೂ ಬಾಗಿಲ ಬಳಿಯೇ ಕುಳಿತೆ. ಭೀತಿ ಬಂದಾಗ ಎರಡು ಗುಟುಕು ಕುಡಿಯುತ್ತಿದ್ದೆ, ಅದು ಇಳಿಯುತ್ತಿತ್ತು. ನೀರೇ ಉಳಿಸಿತೆಂದು ನಂಬಿದೆ. ಆದರೆ ಭೀತಿ ಮರಳುವುದು ತಪ್ಪಲಿಲ್ಲ.

"ನೀರು ಕುಡಿಯದಿದ್ದರೆ ಏನಾಗುತ್ತಿತ್ತು, ಗುರುಗಳೇ?" ಎಂದು ಮನೋವೈದ್ಯರೊಬ್ಬರು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ, ಒಮ್ಮೆಯೂ ಕುಡಿಯದೆ ನೋಡಿರಲಿಲ್ಲ. ಇಂಥ ಭೀತಿಯು ಸಾಮಾನ್ಯವಾಗಿ 10 ನಿಮಿಷಗಳೊಳಗೆ ತುದಿಗೇರಿ, ಬಳಿಕ ತಾನಾಗಿಯೇ ಇಳಿಯುತ್ತದೆ. ಆ ಇಳಿತದ ಕೀರ್ತಿಯನ್ನು ನಾನು ಬಾಟಲಿಗೆ ಕೊಟ್ಟಿದ್ದೆ. ಬ್ರಿಟನ್ನಿನ ಮನೋವಿಜ್ಞಾನಿ ಪಾಲ್ ಸಾಲ್ಕೋವ್ಸ್ಕಿಸ್ 1991ರಲ್ಲಿ ವಿವರಿಸಿದ್ದೂ ಇದನ್ನೇ: ರಕ್ಷಣೆಗೆಂದು ಮಾಡುವ ಇಂಥ ಕ್ರಿಯೆಗಳು, ಅಂಜಿದ ಆಪತ್ತು ಬರುವಂಥದೇ ಅಲ್ಲವೆಂಬ ಸತ್ಯವನ್ನು ಅರಿಯಗೊಡುವುದಿಲ್ಲ.

ವೈದ್ಯರ ಸೂಚನೆಯಂತೆ, "ನೀರಿಲ್ಲದೆ ನಡುಸಾಲಿನಲ್ಲಿ ಕುಳಿತರೆ ಮೂರ್ಛೆ ಹೋಗುವೆನು" ಎಂದು ಮೊದಲೇ ಬರೆದಿಟ್ಟು, ಬಾಟಲಿಯನ್ನು ಮನೆಯಲ್ಲಿ ಬಿಟ್ಟು ಸಭೆಗೆ ಹೋದೆ. ಎದೆ ಬಡಿಯಿತು, ಕಣ್ಣು ಬಾಗಿಲನ್ನು ಹುಡುಕಿತು, ನಾನು ಏಳಲಿಲ್ಲ. ಕ್ರಮೇಣ ಎಲ್ಲವೂ ಇಳಿಯಿತು, ಬರೆದದ್ದು ಸುಳ್ಳಾಯಿತು. ಒಂದು ಸಲಕ್ಕೆ ಇದು ಮುಗಿಯಲಿಲ್ಲ. ಬಸ್ಸಿನಲ್ಲಿ, ಮದುವೆಮನೆಯಲ್ಲಿ ಮತ್ತೆ ಮತ್ತೆ ಮಾಡಬೇಕಾಯಿತು. ಮೂರನೆಯ ವಾರ ನನ್ನ ಜೇಬಿನಲ್ಲಿ ಏಲಕ್ಕಿ ಸೇರಿಕೊಂಡದ್ದು ಗಮನಕ್ಕೆ ಬಂತು. ಅದೂ ಬಾಟಲಿಯ ತಮ್ಮನೇ! ಅದನ್ನೂ ಬಿಟ್ಟೆ.

ಬಾಯಾರಿಕೆಗೆ ಇಂದಿಗೂ ನೀರು ಕುಡಿಯುತ್ತೇನೆ. ಭೀತಿಗೆಂದು ಕುಡಿದ ನೀರು ಮಾತ್ರ ಭೀತಿಯ ಬೇರಿಗೇ ಹೋಗುತ್ತಿತ್ತು.