ಬೀಳುವ ಕಲ್ಲನ್ನು ತಡೆದು ತಡೆದು ಬಿಡುವುದು

ಬಾವಿಯಲ್ಲಿ ನೀರು ಸೇದುವಾಗ ಹಗ್ಗ ಕೈಜಾರಿದರೆ ಏನಾಗುತ್ತದೆ ಎಂಬುದು ಸೇದಿದವರಿಗೆಲ್ಲ ಗೊತ್ತು. ಕೊಡ ಮೊದಲು ಮೆಲ್ಲಗೆ ಇಳಿಯುತ್ತದೆ. ಮರುಕ್ಷಣ ರಾಟೆ ಗಿರಗಿರನೆ ತಿರುಗತೊಡಗುತ್ತದೆ, ಹಗ್ಗ ಹಿಡಿಯಲು ಹೋದರೆ ಅಂಗೈ ಸುಟ್ಟಂತಾಗುತ್ತದೆ, ಕೆಳಗೆ ಧೊಪ್ಪೆಂದು ಸದ್ದಾಗುತ್ತದೆ. ಭಾರವಾದದ್ದು ಒಂದೇ ಹದದಲ್ಲಿ ಬೀಳುವುದಿಲ್ಲ; ಬೀಳುತ್ತ ಬೀಳುತ್ತ ಅದರ ವೇಗ ಏರುತ್ತಲೇ ಹೋಗುತ್ತದೆ. 13ನೇ ಶತಮಾನದ ಯುರೋಪಿನಲ್ಲಿ ಯಂತ್ರದ ಗಡಿಯಾರ ಮಾಡಹೊರಟವರನ್ನು ಕಾಡಿದ್ದೂ ಇದೇ ತೊಡಕು. ಉರುಳೆಗೆ ಹಗ್ಗ ಸುತ್ತಿ, ತುದಿಗೆ ಕಲ್ಲು ಕಟ್ಟಿ ಇಳಿಬಿಟ್ಟರೆ ಚಕ್ರವೇನೋ ತಿರುಗುತ್ತದೆ. ಆದರೆ ದಿನಕ್ಕೆ ಸರಿಯಾಗಿ ಒಂದೇ ಸುತ್ತು ತಿರುಗು ಎಂದು ಅದಕ್ಕೆ ಹೇಳುವುದು ಹೇಗೆ? 1271ರಲ್ಲಿ ರಾಬರ್ಟಸ್ ಆಂಗ್ಲಿಕಸ್ ಎಂಬ ವಿದ್ವಾಂಸ ತನ್ನ ಖಗೋಳದ ವ್ಯಾಖ್ಯಾನದಲ್ಲಿ, ಗಡಿಯಾರದ ಕೆಲಸಗಾರರು ಅಂಥದೊಂದು ಚಕ್ರಕ್ಕಾಗಿ ಪ್ರಯತ್ನಿಸುತ್ತಿದ್ದಾರೆ, ಇನ್ನೂ ಕೈಗೂಡಿಲ್ಲ ಎಂದು ಬರೆದಿಟ್ಟಿದ್ದಾನೆ.

ಅಲ್ಲಿಯವರೆಗೆ ಕಾಲವನ್ನು ಅಳೆಯುತ್ತಿದ್ದದ್ದು ಹರಿಯುವ ಅಥವಾ ಸರಿಯುವ ವಸ್ತುಗಳಿಂದ: ನೆರಳು, ನೀರು, ಉರಿಯುವ ಮೇಣದ ಬತ್ತಿ. ನಮ್ಮ ಗಳಿಗೆ ಬಟ್ಟಲೂ ಹಾಗೆಯೇ. ತಳದಲ್ಲಿ ಸಣ್ಣ ತೂತಿರುವ ಬಟ್ಟಲನ್ನು ನೀರಿನ ಮೇಲೆ ತೇಲಿಬಿಟ್ಟರೆ ಅದು ತುಂಬಿ ಮುಳುಗುವ ಹೊತ್ತಿಗೆ ಒಂದು ಗಳಿಗೆ, ಅಂದರೆ 24 ನಿಮಿಷ. ಬೀಳುವ ಕಲ್ಲನ್ನೂ ಹೀಗೆ ನಯವಾಗಿ ಹರಿಸಬೇಕು ಎಂದು ಯೋಚಿಸಿದಷ್ಟು ಕಾಲ ದಾರಿ ಸಿಕ್ಕಿರಲಾರದು. ಕೊನೆಗೆ ಸಿಕ್ಕ ದಾರಿ ಅದಕ್ಕೆ ತದ್ವಿರುದ್ಧವಾದದ್ದು: ಕಲ್ಲನ್ನು ಹರಿಯಲು ಬಿಡಲೇಬಾರದು. ಒಂದಿಷ್ಟು ಬಿಡಬೇಕು, ತಡೆಯಬೇಕು, ಮತ್ತೊಂದಿಷ್ಟು ಬಿಡಬೇಕು. ಇಳಿಜಾರಿನಲ್ಲಿ ತೇರು ಎಳೆಯುವಾಗ ಗಾಲಿಯ ಪಕ್ಕದಲ್ಲೇ ನಡೆಯುತ್ತ, ಗೇಣುಗೇಣಿಗೆ ಅಡ್ಡ ಮರದ ತುಂಡು ಕೊಟ್ಟು ತೆಗೆಯುವವರ ಕೆಲಸವನ್ನು ನೋಡಿದವರಿಗೆ ಇದು ಹೊಸದೆನಿಸದು. ವೇಗ ಏರಲು ತೇರಿಗೆ ಅವರು ಅವಕಾಶವನ್ನೇ ಕೊಡುವುದಿಲ್ಲ. ಗಡಿಯಾರದಲ್ಲಿ ಈ ಕೆಲಸ ಮಾಡುವ ಭಾಗಕ್ಕೆ ಎಸ್ಕೇಪ್‌ಮೆಂಟ್ ಎಂದು ಹೆಸರು. ಚಕ್ರದ ಹಲ್ಲುಗಳು ಒಂದೊಂದಾಗಿ ತಪ್ಪಿಸಿಕೊಂಡು ಹೋಗುವ ಕಿಂಡಿ ಅದು. ಅದನ್ನು ಮೊದಲು ಮಾಡಿದವರ ಹೆಸರು ಉಳಿದಿಲ್ಲ.

ಇಂಗ್ಲೆಂಡಿನ ಸಾಲ್ಸ್‌ಬರಿ ಕ್ಯಾಥೆಡ್ರಲ್‌ನ ಒಳಗೆ ಇಂಥದೊಂದು ಗಡಿಯಾರ ಇಂದಿಗೂ ಓಡುತ್ತಿದೆ. ಅದರ ಮುಂದೆ ನಿಂತವರು ಮೊದಲು ಹುಡುಕುವುದು ಮುಳ್ಳುಗಳನ್ನು. ಮುಳ್ಳೂ ಇಲ್ಲ, ಮುಖವೂ ಇಲ್ಲ. ಎದೆಮಟ್ಟದ ಕಬ್ಬಿಣದ ಚೌಕಟ್ಟು, ಅದರೊಳಗೆ ಹಲ್ಲಿನ ಚಕ್ರಗಳು, ಎರಡು ಮರದ ಉರುಳೆಗಳು, ಹಗ್ಗ, ತೂಗುವ ಕಲ್ಲುಗಳು, ಅಷ್ಟೆ. ಇದು ತೋರಿಸುವ ಗಡಿಯಾರವಲ್ಲ, ಬಾರಿಸುವ ಗಡಿಯಾರ. ಇಂಗ್ಲಿಷಿನ ಕ್ಲಾಕ್ ಎಂಬ ಪದದ ಮೂಲವೂ ಗಂಟೆ ಎಂಬ ಅರ್ಥದ ಲ್ಯಾಟಿನ್ ಪದವೇ. ಆಗ ಕ್ಯಾಥೆಡ್ರಲ್‌ನ ಅಂಗಳದಲ್ಲಿ ಪ್ರತ್ಯೇಕ ಗಂಟೆಗೋಪುರವಿತ್ತು, ಗಡಿಯಾರ ಇದ್ದದ್ದು ಅಲ್ಲಿ. 1386ರ ಒಂದು ಪತ್ರದಲ್ಲಿ ಗಡಿಯಾರ ನೋಡಿಕೊಳ್ಳುವವನಿಗೆ ಕೊಟ್ಟ ಮನೆಯ ಉಲ್ಲೇಖವಿದೆ. ಯಂತ್ರಕ್ಕೆ ಒಂದು ಗೋಪುರ, ಅದನ್ನು ನೋಡಿಕೊಳ್ಳುವವನಿಗೆ ಒಂದು ಮನೆ. ಆ ಮನೆ ಯಾಕೆ ಬೇಕಿತ್ತು ಎಂಬುದು ಯಂತ್ರದ ಒಳಗನ್ನು ನೋಡಿದರೆ ತಿಳಿಯುತ್ತದೆ.

ಕಲ್ಲು ಎಳೆಯುವ ಉರುಳೆಯ ಮೇಲೆ ಒಂದು ದೊಡ್ಡ ಚಕ್ರವಿದೆ. ಅದು ಇನ್ನೊಂದು ಚಕ್ರವನ್ನು ಬೇಗ ಬೇಗ ತಿರುಗಿಸುತ್ತದೆ. ಈ ಕೊನೆಯ ಚಕ್ರದ ಹಲ್ಲುಗಳು ಅಂಚಿನಿಂದ ಹೊರಕ್ಕೆ ಚಾಚಿಲ್ಲ, ಕಿರೀಟದ ಮೊನೆಗಳಂತೆ ಪಕ್ಕಕ್ಕೆ ನಿಂತಿವೆ. ಅದರ ಎದುರಿಗೆ ಒಂದು ನೆಟ್ಟನೆಯ ಸರಳು, ಹೆಸರು ವರ್ಜ್. ಸರಳಿಗೆ ಎರಡು ಸಣ್ಣ ಕಬ್ಬಿಣದ ರೆಕ್ಕೆಗಳು: ಒಂದು ಚಕ್ರದ ಮೇಲಂಚಿನ ಹಲ್ಲಿಗೆ ಸಿಗುವಂತೆ, ಇನ್ನೊಂದು ಕೆಳಂಚಿನ ಹಲ್ಲಿಗೆ ಸಿಗುವಂತೆ. ಎರಡೂ ಒಂದೇ ದಿಕ್ಕಿಗೆ ಮುಖ ಮಾಡಿಲ್ಲ. ಅವುಗಳ ನಡುವೆ ಹೆಚ್ಚುಕಡಿಮೆ ಲಂಬಕೋನವಿದೆ. ಸರಳಿನ ನೆತ್ತಿಯಲ್ಲಿ ತಕ್ಕಡಿಯ ದಂಡದಂಥ ಅಡ್ಡಪಟ್ಟಿ, ಅದರ ಎರಡೂ ತುದಿಗೆ ತೂಗುಬಿಟ್ಟ ತೂಕಗಳು. ಈ ಪಟ್ಟಿಯೇ ಫೋಲಿಯಟ್.

ಈಗ ಕಲ್ಲು ಎಳೆಯುತ್ತದೆ, ಚಕ್ರದ ಮೇಲಿನ ಹಲ್ಲು ಮೇಲಿನ ರೆಕ್ಕೆಯನ್ನು ತಳ್ಳುತ್ತದೆ. ಸರಳು ತಿರುಗುತ್ತದೆ, ಅದರೊಂದಿಗೆ ಫೋಲಿಯಟ್ ಕೂಡ ಒಂದು ದಿಕ್ಕಿಗೆ ಹೊರಳುತ್ತದೆ. ರೆಕ್ಕೆ ಓರೆಯಾಗುತ್ತ ಹೋಗಿ ಹಲ್ಲು ಜಾರಿ ಪಾರಾಗುತ್ತದೆ. ಪಾರಾದ ಕ್ಷಣಕ್ಕೆ ಕೆಳಗಿನ ರೆಕ್ಕೆ ಅಡ್ಡ ಬಂದಿರುತ್ತದೆ. ಕೆಳಗಿನ ಹಲ್ಲು ಅದಕ್ಕೆ ಬಡಿಯುತ್ತದೆ, ಟಕ್. ಆದರೆ ಫೋಲಿಯಟ್ ತಕ್ಷಣ ನಿಲ್ಲುವುದಿಲ್ಲ, ತೂಕಗಳು ಹೊರಟ ದಿಕ್ಕಿನಲ್ಲೇ ಇನ್ನೊಂದಿಷ್ಟು ಸಾಗುತ್ತವೆ. ಆ ರಭಸಕ್ಕೆ ಚಕ್ರವೇ ಒಂದು ಎಳೆ ಹಿಂದಕ್ಕೆ ಸರಿಯುತ್ತದೆ, ಕಲ್ಲು ಕೂದಲೆಳೆಯಷ್ಟು ಮೇಲೇರುತ್ತದೆ. ಆಮೇಲೆ ಚಕ್ರದ ಕೈ ಮೇಲಾಗಿ ಪಟ್ಟಿಯನ್ನು ನಿಲ್ಲಿಸಿ, ಎದುರು ದಿಕ್ಕಿಗೆ ತಳ್ಳುತ್ತದೆ. ಮತ್ತೆ ಟಕ್. ಮೇಲೊಂದು ಹಲ್ಲು ಸಿಕ್ಕಾಗ ಕೆಳಗೆ ಸಂದು ಸಿಗಬೇಕಾದ್ದರಿಂದ ಈ ಚಕ್ರದ ಹಲ್ಲುಗಳ ಸಂಖ್ಯೆ ಯಾವಾಗಲೂ ಬೆಸ.

ಲೆಕ್ಕ ಸುಲಭ. ದೊಡ್ಡ ಚಕ್ರ ಗಂಟೆಗೊಂದು ಸುತ್ತು, ಕಿರೀಟದ ಚಕ್ರ ಅದರ ಹತ್ತು ಪಟ್ಟು ವೇಗ, ಅದಕ್ಕೆ 45 ಹಲ್ಲು ಎಂದಿಟ್ಟುಕೊಂಡರೆ, ಕಿರೀಟದ ಚಕ್ರದ ಒಂದು ಸುತ್ತಿಗೆ 360 ಸೆಕೆಂಡು, ಒಂದು ಹಲ್ಲಿಗೆ 8 ಸೆಕೆಂಡು. ಒಂದು ಹಲ್ಲಿಗೆ ಎರಡು ಬಡಿತ, ಹಾಗಾಗಿ ಬಡಿತಕ್ಕೆ 4 ಸೆಕೆಂಡು. ದಿನಕ್ಕೆ 21,600 ಬಡಿತ. ನಮ್ಮ ಹಳೆಯ ಗಣಿತದಲ್ಲಿ ದಿನಕ್ಕೆ 21,600 ಪ್ರಾಣ, ಅಂದರೆ ಒಂದೊಂದು ಉಸಿರಿಗೆ 4 ಸೆಕೆಂಡು ಎಂಬ ಎಣಿಕೆ ಇದೆ. ಇದು ಕೇವಲ ಕಾಕತಾಳೀಯ. ಆದರೆ ಇಂಥ ಯಂತ್ರದ ಓಟದ ಹದ ತಿಳಿಯಲು ಬೇರೆ ಹೋಲಿಕೆ ಬೇಕಿಲ್ಲ. ನೆಮ್ಮದಿಯಾಗಿ ಕುಳಿತವನ ಒಂದು ಉಸಿರಿಗೆ ಒಂದು ಟಕ್.

ತೊಂದರೆ ಇರುವುದು ಆ 4 ಸೆಕೆಂಡನ್ನು ಯಾರು ನಿರ್ಧರಿಸುತ್ತಾರೆ ಎಂಬಲ್ಲಿ. ಉಯ್ಯಾಲೆಗೆ ತನ್ನದೇ ಆದ ತೂಗಾಟದ ಅವಧಿಯಿದೆ. ಮೆಲ್ಲಗೆ ತಳ್ಳಿದರೂ ಜೋರಾಗಿ ತಳ್ಳಿದರೂ ಹೋಗಿ ಬರಲು ಹೆಚ್ಚುಕಡಿಮೆ ಅಷ್ಟೇ ಹೊತ್ತು. ಫೋಲಿಯಟ್‌ಗೆ ಅದು ಇಲ್ಲ. ಅದನ್ನು ಮಧ್ಯಕ್ಕೆ ಎಳೆದು ತರುವ ಯಾವ ಶಕ್ತಿಯೂ ಇಲ್ಲ; ಚಕ್ರ ತಳ್ಳಿದರೆ ಹೊರಳುತ್ತದೆ, ಬಿಟ್ಟರೆ ಬಿಟ್ಟಲ್ಲೇ ನಿಲ್ಲುತ್ತದೆ. ಹಾಗಾಗಿ ಅದರ ಅವಧಿ ಎರಡರ ಜಗಳದಿಂದ ಹುಟ್ಟುತ್ತದೆ: ತುದಿಯ ತೂಕಗಳ ಜಡತ್ವ ಒಂದು ಕಡೆ, ಚಕ್ರದ ನೂಕು ಇನ್ನೊಂದು ಕಡೆ. ನೂಕು ನೂರಕ್ಕೆ 2ರಷ್ಟು ಕಡಿಮೆಯಾದರೆ ಬಡಿತದ ಅವಧಿ ಸುಮಾರು ನೂರಕ್ಕೆ 1ರಷ್ಟು ಹಿಗ್ಗುತ್ತದೆ. ದಿನಕ್ಕೆ 1,440 ನಿಮಿಷ. ಅದರ ನೂರರಲ್ಲೊಂದು ಪಾಲು 14 ನಿಮಿಷ. ಚಳಿಗೆ ಗಟ್ಟಿಯಾದ ಕೊಬ್ಬು, ಹಲ್ಲಿನ ಸಂದಿನ ಧೂಳು, ಸವೆದ ರೆಕ್ಕೆ, ಇವುಗಳಲ್ಲಿ ಯಾವುದಾದರೂ ಒಂದು ಅಷ್ಟು ಬಲವನ್ನು ನುಂಗಿದರೆ ಸಾಕು, ಗಡಿಯಾರ ಒಂದೇ ದಿನದಲ್ಲಿ ಕಾಲು ಗಂಟೆ ಹಿಂದೆ ಬೀಳುತ್ತದೆ.

ಆ ಮನೆ ಇದ್ದದ್ದು ಇದಕ್ಕಾಗಿ. ಇಂಥ ಗಡಿಯಾರದ ಕಲ್ಲನ್ನು ದಿನವೂ ಮೇಲಕ್ಕೆ ಸುತ್ತಬೇಕು. ಸುತ್ತುವಷ್ಟು ಹೊತ್ತು ಚಕ್ರಕ್ಕೆ ನೂಕು ಇರುವುದಿಲ್ಲ, ಆ ನಿಮಿಷಗಳು ಗಡಿಯಾರಕ್ಕೆ ನಷ್ಟ. ಬಿಸಿಲಿರುವ ದಿನ ನೆರಳು ಗಡಿಯಾರದ ಜೊತೆ ತಾಳೆ ನೋಡಬೇಕು. ಹಿಂದೆ ಬಿದ್ದಿದ್ದರೆ ಫೋಲಿಯಟ್‌ನ ತೂಕಗಳನ್ನು ಒಂದೊಂದು ಕಚ್ಚು ಒಳಕ್ಕೆ ಸರಿಸಬೇಕು, ಆಗ ಪಟ್ಟಿ ಬೇಗ ಹೊರಳುತ್ತದೆ. ಮುಂದೆ ಓಡಿದ್ದರೆ ಹೊರಕ್ಕೆ. ಎರಡೂ ಕಡೆ ಸಮನಾಗಿ ಸರಿಸಬೇಕು, ಇಲ್ಲದಿದ್ದರೆ ದಂಡ ಒಂದು ಮಗ್ಗುಲಿಗೆ ವಾಲುತ್ತದೆ. ನಾಲ್ಕು ದಿನ ಮೋಡ ಮುಚ್ಚಿದರೆ ತಾಳೆ ನೋಡುವುದಕ್ಕೂ ಆಧಾರವಿಲ್ಲ.

ಬಾರಿಸುವ ಭಾಗದ ಕಥೆಯೂ ಹೀಗೆಯೇ. ಗಂಟೆ ತುಂಬಿದಾಗ ಓಟದ ಚಕ್ರ ಒಂದು ಕೀಲನ್ನು ಎತ್ತುತ್ತದೆ, ಇನ್ನೊಂದು ಕಲ್ಲು ಇಳಿಯತೊಡಗಿ ಸುತ್ತಿಗೆ ಬಡಿಯುತ್ತದೆ. ಎಷ್ಟು ಬಡಿಯಬೇಕೆಂದು ಹೇಳುವುದು ಕಚ್ಚುಗಳಿರುವ ಒಂದು ಚಕ್ರ. ಕಚ್ಚುಗಳ ನಡುವಿನ ಅಂತರ ಒಂದು, ಎರಡು, ಮೂರು ಏಟಿನಷ್ಟು ಹೀಗೆ ಹನ್ನೆರಡರವರೆಗೆ ಬೆಳೆಯುತ್ತ ಹೋಗುತ್ತದೆ. ಕೀಲು ಕಚ್ಚಿಗೆ ಬಿದ್ದೊಡನೆ ಏಟು ನಿಲ್ಲುತ್ತದೆ. ಈ ಚಕ್ರಕ್ಕೆ ಈಗ ಎಷ್ಟು ಗಂಟೆ ಎಂಬುದು ತಿಳಿಯದು, ಹಿಂದಿನ ಸಲ ಎಷ್ಟು ಬಾರಿಸಿದೆನೋ ಅದಕ್ಕೆ ಮುಂದಿನದು ಮಾತ್ರ ತಿಳಿದಿದೆ. ಒಮ್ಮೆ ತಪ್ಪಿದರೆ ಮೂರು ಗಂಟೆಗೆ ಎರಡು, ನಾಲ್ಕಕ್ಕೆ ಮೂರು ಎಂದು ಬಾರಿಸುತ್ತಲೇ ಇರುತ್ತದೆ. ಕಿವಿಗೊಟ್ಟು ಎಣಿಸಿದವನೊಬ್ಬ ಹೋಗಿ ಕೈಯಿಂದ ಸರಿಪಡಿಸುವವರೆಗೆ ಊರಿಗೆಲ್ಲ ಅದೇ ಹೊತ್ತು.

1656ರಲ್ಲಿ ಕ್ರಿಸ್ಟಿಯಾನ್ ಹೈಗೆನ್ಸ್ ಗಡಿಯಾರಕ್ಕೆ ಲೋಲಕವನ್ನು ಜೋಡಿಸಿದ. ಉಯ್ಯಾಲೆಯ ಜಾತಿಯದಾದ ಲೋಲಕಕ್ಕೆ ತನ್ನದೇ ಅವಧಿಯಿದೆ. ದಿನಕ್ಕೆ ಕಾಲು ಗಂಟೆಯ ತಪ್ಪು ಒಂದು ನಿಮಿಷದೊಳಕ್ಕೆ ಇಳಿಯಿತು. ಊರೂರಿನ ಗೋಪುರಗಳಲ್ಲಿ ಫೋಲಿಯಟ್‌ಗಳನ್ನು ಕಿತ್ತು ಲೋಲಕ ಹಾಕಿದರು, ಸಾಲ್ಸ್‌ಬರಿಯಲ್ಲೂ ಹಾಕಿದರು. ಗಂಟೆಗೋಪುರವನ್ನು 18ನೇ ಶತಮಾನದ ಕೊನೆಗೆ ಕೆಡವಿದಾಗ ಗಡಿಯಾರ ಕ್ಯಾಥೆಡ್ರಲ್‌ನ ದೊಡ್ಡ ಗೋಪುರಕ್ಕೆ ಹೋಯಿತು. 1884ರಲ್ಲಿ ಹೊಸ ಗಡಿಯಾರ ಬಂದು ಹಳೆಯದು ಮೂಲೆ ಸೇರಿತು. 1928ರಲ್ಲಿ ಟಿ. ಆರ್. ರಾಬಿನ್ಸನ್ ಎಂಬ ಗಡಿಯಾರ ತಜ್ಞರು ಅದನ್ನು ಕಂಡು ಗುರುತಿಸಿದರು. 1956ರಲ್ಲಿ ಲೋಲಕವನ್ನು ತೆಗೆದು, ಮೊದಲು ಇದ್ದಿರಬೇಕಾದ ರೀತಿಯಲ್ಲಿ ಹೊಸ ವರ್ಜ್ ಮತ್ತು ಫೋಲಿಯಟ್ ಮಾಡಿ ಕೂರಿಸಿದರು.

ಹಾಗಾದರೆ ಇಂದು ಅಲ್ಲಿ ಕೇಳುವ ಟಕ್ ಎಷ್ಟು ಹಳೆಯದು? 1386ರ ಪತ್ರ ಅಲ್ಲಿ ಒಂದು ಗಡಿಯಾರವಿತ್ತು ಎನ್ನುತ್ತದೆ, ಅದು ಇದೇ ಎನ್ನುವುದಿಲ್ಲ. ತಜ್ಞರ ನಡುವೆ ವಾದ ಇದ್ದೇ ಇದೆ. ಚೌಕಟ್ಟು ಹಳೆಯದು, ಬಡಿಯುವ ಭಾಗ 1956ರದು. ಎರಡು ಶತಮಾನದ ಹತ್ತಿರ ನಿಷ್ಠೆಯಿಂದ ತೂಗಿದ ಲೋಲಕವೂ ಆ ಯಂತ್ರದ ಬಾಳಿನ ಸತ್ಯವೇ ಆಗಿತ್ತು. ಅದನ್ನು ತೆಗೆದದ್ದು ಸರಿಯೇ ಎಂದು ಕೇಳುವವರಿದ್ದಾರೆ. ಆದರೆ ಲೋಲಕ ಇದ್ದಷ್ಟು ದಿನ ಅದು ತಾನಾಗಿ ಹೊತ್ತು ಕಾಯುವ ಯಂತ್ರವಾಗಿತ್ತು. ಫೋಲಿಯಟ್ ಮರಳಿದ ಮೇಲೆ ಅದು ಮತ್ತೆ ದಿನವೂ ಒಬ್ಬರು ಬಂದು ಕಲ್ಲು ಸುತ್ತಿ, ತೂಕ ಒಂದು ಕಚ್ಚು ಸರಿಸಿ ಹೋಗಬೇಕಾದ ಯಂತ್ರವಾಗಿದೆ. ಮನೆಯ ಸಮೇತ 1386ರಲ್ಲಿ ಕೊಟ್ಟ ಕೆಲಸ ಅದು.