‘ಎಲ್ಲರೂ ಸಿದ್ಧರಾಗಿ ಬನ್ನಿ’

ಅಭ್ಯಾಸ ಬೋಧನೆಯಲ್ಲಿ ನಾನು ಗುಂಪಿನ ನಾಯಕಿ. ಶನಿವಾರದ ಪಾಠ ವಿಮರ್ಶೆಗೆ ನಾನು ಕಳಿಸಿದ ಇಮೇಲ್‌ನಲ್ಲಿ ಇದ್ದದ್ದು ಒಂದೇ ಸಾಲು: ‘ಎಲ್ಲರೂ ಸಿದ್ಧರಾಗಿ ಬನ್ನಿ.’ ಎಲ್ಲರೂ ಬಂದರು, ಬರಿಗೈಯಲ್ಲಿ. ಮಕ್ಕಳು 1/2 + 1/3 = 2/5 ಎಂದು ಏಕೆ ಬರೆದರೆಂಬ ಚರ್ಚೆ ಊಹೆಯಲ್ಲೇ ಮುಗಿದು, ಮುಂದಿನ ವಾರಕ್ಕೆ ಹೋಯಿತು. “ಯಾರು ಏನು ತರಬೇಕು ಅಂತ ಬರೆದಿದ್ದೆಯೇನಮ್ಮಾ?” ಎಂದರು ಮಾರ್ಗದರ್ಶಕರು.

ಮುಂದಿನ ಇಮೇಲ್ ಬುಧವಾರವೇ ಹೋಯಿತು. ವಿಷಯದ ಸಾಲಿನಲ್ಲೇ ದಿನ, ಸಮಯ, ಕೊಠಡಿ ಇದ್ದವು. ಕಾರ್ಯಸೂಚಿಯಲ್ಲಿ ‘ಭಿನ್ನರಾಶಿ’ ಎನ್ನುವ ಬದಲು ಎರಡು ಪ್ರಶ್ನೆ ಬರೆದೆ: ಮಕ್ಕಳು ಛೇದಗಳನ್ನೂ ಕೂಡಿದ್ದೇಕೆ? 15 ನಿಮಿಷ. ಸೋಮವಾರದ ಪಾಠವನ್ನು ಹೇಗೆ ಆರಂಭಿಸೋಣ? 20 ನಿಮಿಷ. ಮೊದಲೇ ಓದಲು ಎರಡು ಪುಟದ ಪಾಠಯೋಜನೆಯನ್ನಷ್ಟೇ ಲಗತ್ತಿಸಿ, ನೋಡಬೇಕಾದ ಹಂತವನ್ನು ಗುರುತಿಸಿದೆ. ಕೆಳಗೆ ಹೆಸರಿಗೊಂದು ಕೆಲಸ: ಪಾಠ ಮಾಡಿದವರು ಹಾಗೆ ತಪ್ಪಿದ ಮೂವರ ನೋಟ್‌ಬುಕ್ ತರುವುದು, ವೀಕ್ಷಕರು ಮಕ್ಕಳ ಮಾತನ್ನು ಇದ್ದಂತೆಯೇ ಬರೆದು ತರುವುದು, ಇನ್ನೊಬ್ಬರು ಸಮ ಉದ್ದದ ಕಾಗದದ ಪಟ್ಟಿಗಳನ್ನು ತರುವುದು.

‘ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು’ ಎಂಬ ಒಂದು ಮಗುವಿನ ಮಾತು ಮೊದಲ ಪ್ರಶ್ನೆಗೆ ಉತ್ತರವಾಯಿತು. ಪಟ್ಟಿ ಮಡಿಸಿ ನೋಡಿದರೆ 2/5 ಅರ್ಧಕ್ಕಿಂತಲೂ ಚಿಕ್ಕದು; ಸೋಮವಾರ ಅಲ್ಲಿಂದಲೇ ಆರಂಭಿಸುವುದೆಂದಾಯಿತು.

ಒಬ್ಬ ಗೆಳತಿ ಮಾತ್ರ ಸುಮ್ಮನೆ ಕುಳಿತಿದ್ದಳು. ಆಮೇಲೆ ಇಮೇಲ್ ತೆರೆದು ನೋಡಿದೆ. ಅವಳ ಹೆಸರಿನ ಮುಂದೆ ನಾನು ಏನೂ ಬರೆದಿರಲಿಲ್ಲ.