ಅಪ್ಪನ ಬಟ್ಟಲಿನ ಅನ್ನ, ನನ್ನ ಆ್ಯಪಿನ ಲೆಕ್ಕ

ಕಳೆದ ವರ್ಷ ಅಪ್ಪನಿಗೆ ಶುಗರ್ ಅಂತ ಗೊತ್ತಾದಾಗ ನಾನು ಬೆಂಗಳೂರಿನಿಂದ ಲ್ಯಾಪ್‌ಟಾಪ್ ಹೊತ್ತು ಊರಿಗೆ ಬಂದೆ. ನಮ್ಮ ಮನೆ ಬೆಳ್ತಂಗಡಿ ತಾಲೂಕಿನಲ್ಲಿ, ಗುರುವಾಯನಕೆರೆಯಿಂದ ಸ್ವಲ್ಪ ಒಳಗೆ. ಒಂದು ತಿಂಗಳು ವರ್ಕ್ ಫ್ರಮ್ ಹೋಮ್. ಡಾಕ್ಟರು ಮಾತ್ರೆ ಬರೆದು, "ಅನ್ನದ ಮೇಲೆ ಸ್ವಲ್ಪ ಗಮನ ಇರಲಿ" ಎಂದಿದ್ದರು. ಸಾಫ್ಟ್‌ವೇರ್ ಮಂದಿಗೆ ಇಷ್ಟು ಹೇಳಿದರೆ ಸಾಕಲ್ಲ. ಫೋನಿಗೆ ಕ್ಯಾಲೊರಿ ಆ್ಯಪ್ ಬಂತು, ಅಡುಗೆಮನೆಗೆ ಡಿಜಿಟಲ್ ತಕ್ಕಡಿ ಬಂತು.

ಮೊದಲ ದಿನವೇ ಅಪ್ಪನ ಮಧ್ಯಾಹ್ನದ ಅನ್ನ ತೂಗಿದೆ. ಕುಚ್ಚಲಕ್ಕಿ ಅನ್ನ, 300 ಗ್ರಾಂ. ಆ್ಯಪಿನಲ್ಲಿ ಕುಚ್ಚಲಕ್ಕಿಗೆ ಇಂಗ್ಲಿಷಿನಲ್ಲಿ ಹೇಳುವ Boiled Rice ಅಂತ ಹುಡುಕಿದೆ. ಒಂದು ಕಡೆ 100 ಗ್ರಾಂಗೆ 130 ಕ್ಯಾಲೊರಿ, ಇನ್ನೊಂದು ಕಡೆ 350. ನಾನು 350 ಇದ್ದದ್ದನ್ನು ಆರಿಸಿದೆ. ಅದರಲ್ಲಿ Parboiled ಎಂಬ ಪದವೂ ಇತ್ತು, ಹಾಗಾಗಿ ಅದೇ ನಮ್ಮ ಅಕ್ಕಿ ಎಂದುಕೊಂಡೆ. ಲೆಕ್ಕ ಬಂತು: ಬರೀ ಅನ್ನದಿಂದಲೇ 1050 ಕ್ಯಾಲೊರಿ.

"ಅಪ್ಪ, ನಾಳೆಯಿಂದ ಅನ್ನ ಅರ್ಧ" ಎಂದೆ.

"ಎಂತದು ಮಾರಾಯ, ಅನ್ನದಲ್ಲಿ ಮುಕ್ಕಾಲುಪಾಲು ನೀರೇ ಅಲ್ವಾ?" ಎಂದರು ಅಪ್ಪ. ನಾನು ಸ್ಕ್ರೀನ್ ತೋರಿಸಿದೆ. ಓದಿದ ಮಗ ಹೇಳ್ತಾನೆ ಅಂತ ಅವರು ಸುಮ್ಮನಾದರು.

ನಾಲ್ಕನೇ ದಿನ ಅಡಿಕೆ ತೋಟದಲ್ಲಿ ಅಪ್ಪ ಬೆವರಿ, ಕೈ ನಡುಗಿ, ಮರಕ್ಕೆ ಒರಗಿ ಕೂತಿದ್ದರು. ಗ್ಲೂಕೋಮೀಟರ್ 58 ತೋರಿಸಿತು. ಅಮ್ಮ ಬೆಲ್ಲದ ನೀರು ಕುಡಿಸಿದರು. ಸಂಜೆ ಡಾಕ್ಟರು ಬೈದದ್ದು ಅಪ್ಪನಿಗಲ್ಲ, ನನಗೆ. "ಮಾತ್ರೆ ಅಷ್ಟೇ ಇಟ್ಟು ಊಟ ಮಾತ್ರ ಕಡಿಮೆ ಮಾಡಿದ್ರೆ ಹೀಗೇ ಆಗೋದು. ನನ್ನನ್ನು ಕೇಳದೆ ಯಾಕೆ ಮಾಡಿದ್ರಿ?"

ತಪ್ಪು ಎಲ್ಲಿ ಅಂತ ತಿಳಿದದ್ದು ಎರಡು ದಿನದ ನಂತರ, ಬಂಟ್ವಾಳದ ಬಿ.ಸಿ.ರೋಡಿನಲ್ಲಿ ಅಕ್ಕಿ ತರಲು ಹೋದಾಗ. ಅಂಗಡಿಯ ಚೀಲದ ಮೇಲೆ ದೊಡ್ಡದಾಗಿ Boiled Rice ಅಂತ ಇತ್ತು. ಒಳಗಿದ್ದದ್ದು ಹಸಿ ಅಕ್ಕಿ! ಭತ್ತವನ್ನು ಬೇಯಿಸಿ, ಒಣಗಿಸಿ, ಮಿಲ್ ಮಾಡಿದ ಅಕ್ಕಿಗೆ ನಮ್ಮ ಕಡೆ ಆ ಹೆಸರು. ಬೇರೆಯವರಿಗೆ ಅದೇ ಎರಡು ಪದಗಳೆಂದರೆ ಒಲೆಯಿಂದ ಇಳಿಸಿದ ಅನ್ನ. ಆ್ಯಪಿನಲ್ಲಿದ್ದ ಎರಡೂ ಅಂಕಿ ಸರಿಯೇ. 350 ಚೀಲದ ಅಕ್ಕಿಯದ್ದು, 130 ಬೆಂದ ಅನ್ನದ್ದು. ನಾನು ತೂಗಿದ್ದು ಅನ್ನವನ್ನು, ಗುಣಿಸಿದ್ದು ಅಕ್ಕಿಯ ಅಂಕಿಯಿಂದ.

ಹಾಗಾದರೆ ಒಂದು ಎಂಟ್ರಿ ನೋಡಿದ ಕೂಡಲೇ ಅದು ಹಸಿಯದ್ದೋ ಬೆಂದದ್ದೋ ಎಂದು ತಿಳಿಯುವುದು ಹೇಗೆ? ಹೆಸರನ್ನು ಬಿಟ್ಟು ಅದರಲ್ಲಿರುವ ನೀರನ್ನು ನೋಡಬೇಕು. ಹೆಚ್ಚಿನ ಆ್ಯಪ್‌ಗಳು ನೀರಿನ ಅಂಶ ತೋರಿಸುವುದಿಲ್ಲ, ಆದರೆ ಕಾರ್ಬ್ಸ್, ಪ್ರೊಟೀನ್, ಕೊಬ್ಬು ತೋರಿಸುತ್ತವೆ. 100 ಗ್ರಾಂ ಲೆಕ್ಕದಲ್ಲಿ ಈ ಮೂರನ್ನೂ ಕೂಡಿಸಿ, 100ರಿಂದ ಕಳೆಯಿರಿ. ಉಳಿದದ್ದು ಹೆಚ್ಚುಕಡಿಮೆ ನೀರು. ಅಮೆರಿಕದ ಕೃಷಿ ಇಲಾಖೆಯ ಡೇಟಾಬೇಸಿನಲ್ಲಿ ಬೆಂದ ಬಿಳಿ ಅನ್ನಕ್ಕೆ ಕಾರ್ಬ್ಸ್ 28, ಪ್ರೊಟೀನ್ ಸುಮಾರು 3, ಕೊಬ್ಬು ಲೆಕ್ಕಕ್ಕಿಲ್ಲ. ಒಟ್ಟು 31, ಅಂದರೆ ನೀರು 69ರ ಹತ್ತಿರ. ಹಸಿ ಅಕ್ಕಿಯಲ್ಲಿ ಈ ಮೂರರ ಮೊತ್ತವೇ 85 ದಾಟುತ್ತದೆ. ನಾನು ಆರಿಸಿದ್ದ ಎಂಟ್ರಿಯೂ ಹಾಗೇ ಇತ್ತು. ತಟ್ಟೆಯಲ್ಲಿ ಹಬೆಯಾಡುವ ಅನ್ನದಲ್ಲಿ ಅಷ್ಟು ಕಡಿಮೆ ನೀರು ಇರಲು ಸಾಧ್ಯವೇ ಇಲ್ಲ. ಅಪ್ಪ ಹೇಳಿದ್ದೂ ಅದನ್ನೇ.

ಸರಿ, 130 ಹಾಕಿದರೆ ಮುಗೀತಾ? ಪೂರ್ತಿ ಇಲ್ಲ. ಅದು ಬೆಳ್ತಿಗೆಯಂಥ ಬಿಳಿ ಅನ್ನದ ಅಂಕಿ. ಅಮ್ಮ ಕುಚ್ಚಲಕ್ಕಿಯನ್ನು ತುಂಬಾ ನೀರಿನಲ್ಲಿ ಬೇಯಿಸಿ ಬಸಿಯುತ್ತಾರೆ. ಹಾಗಾಗಿ ನಮ್ಮ ಪಾತ್ರೆಯನ್ನೇ ಲೆಕ್ಕ ಹಾಕಿದೆವು. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಭಾರತೀಯ ಆಹಾರಗಳ ಪಟ್ಟಿಯಲ್ಲಿ ಕುಚ್ಚಲಕ್ಕಿಗೆ 1471 ಎಂದಿದೆ. ಗಾಬರಿ ಬೇಡ, ಅದು ಕಿಲೋಜೂಲ್. 4.184ರಿಂದ ಭಾಗಿಸಿದರೆ ಸುಮಾರು 350 ಕ್ಯಾಲೊರಿ.

ಅಮ್ಮ 200 ಗ್ರಾಂ ಅಕ್ಕಿ ಹಾಕಿದರು. ಅಂದರೆ ಒಟ್ಟು 700 ಕ್ಯಾಲೊರಿ. ಬಸಿದ ಮೇಲೆ, ಖಾಲಿ ಪಾತ್ರೆಯ ತೂಕ ಕಳೆದು, ಅನ್ನ 640 ಗ್ರಾಂ ಆಗಿತ್ತು. 700 ಕ್ಯಾಲೊರಿ 640 ಗ್ರಾಂನಲ್ಲಿ ಹರಡಿದೆ, ಆದ್ದರಿಂದ 100 ಗ್ರಾಂಗೆ ಸುಮಾರು 110. ಬಸಿದ ತೆಳಿಯಲ್ಲಿ ಒಂದಿಷ್ಟು ಪಿಷ್ಟ ಹೋಗಿರುತ್ತದೆ, ಹಾಗಾಗಿ ನಿಜವಾದದ್ದು ಇದಕ್ಕಿಂತ ತುಸು ಕಡಿಮೆಯೇ. ಅಪ್ಪನ 300 ಗ್ರಾಂ ಅನ್ನಕ್ಕೆ 330 ಕ್ಯಾಲೊರಿ. ನಾನು ಹೇಳಿದ್ದು 1050! ಅದನ್ನೂ ಅರ್ಧ ಮಾಡಿಸಿ ಅವರನ್ನು ತೋಟಕ್ಕೆ ಕಳಿಸಿದ್ದೆ.

ರಾತ್ರಿ ಅದೇ 200 ಗ್ರಾಂ ಅಕ್ಕಿ, ತೆಳಿ ಬಸಿಯದೆ ಗಂಜಿಯಾದಾಗ ಪಾತ್ರೆಯಲ್ಲಿ 1400 ಗ್ರಾಂ. 100 ಗ್ರಾಂಗೆ 50 ಕ್ಯಾಲೊರಿ. ಅಕ್ಕಿ ಒಂದೇ, ಅಮ್ಮ ಒಬ್ಬರೇ, ಆದರೂ ಅಂಕಿ 350, 110, 50. ಹಾಗಾಗಿ ಆ್ಯಪಿನಲ್ಲಿ ಯಾರೋ ಬರೆದಿಟ್ಟ "ಗಂಜಿ" ಎಂಬ ಎಂಟ್ರಿಯನ್ನು ನಾನು ಈಗ ಮುಟ್ಟುವುದಿಲ್ಲ. ಅವರ ಗಂಜಿ ಎಷ್ಟು ತೆಳ್ಳಗಿತ್ತೋ ನಮಗೇನು ಗೊತ್ತು?

ಈ ಕಥೆ ಕೇಳಿ ಮೂಡುಬಿದಿರೆಯ ಚಿಕ್ಕಮ್ಮ ತಮ್ಮ ಫೋನ್ ಹಿಡಿದು ಬಂದರು. "ತೆಂಗಿನಕಾಯಿಗೆ ಒಂದು ಕಡೆ 354 ಉಂಟು, ಇನ್ನೊಂದು ಕಡೆ 444 ಉಂಟು. ಇದರಲ್ಲಿ ಹಸಿ, ಬೆಂದದ್ದು ಅಂತ ಎಂತ ಇಲ್ಲವಲ್ಲ?" ಪದಾರ್ಥಕ್ಕೆಲ್ಲ ಕಾಯಿ ಹಾಕುವ ಮನೆಯಲ್ಲಿ ಇದು ಸಣ್ಣ ಪ್ರಶ್ನೆ ಅಲ್ಲ.

354 ಅಮೆರಿಕದ ಪಟ್ಟಿಯದ್ದು, ಅಲ್ಲಿ ಪರೀಕ್ಷಿಸಿದ ಕಾಯಿಯಲ್ಲಿ ನೀರು 47 ಗ್ರಾಂ. 444 ನಮ್ಮ ಪೋಷಣ ಸಂಸ್ಥೆಯ ಹಳೆಯ ಪಟ್ಟಿಯದ್ದು, ಅದರಲ್ಲಿ ನೀರು 36 ಗ್ರಾಂ ಮಾತ್ರ. ನೀರು ತೆಗೆದು ನೋಡಿದೆವು. ಮೊದಲನೆಯದರಲ್ಲಿ 53 ಗ್ರಾಂ ಒಣ ಭಾಗಕ್ಕೆ 354, ಅಂದರೆ 100ಕ್ಕೆ 668. ಎರಡನೆಯದರಲ್ಲಿ 64 ಗ್ರಾಂಗೆ 444, ಅಂದರೆ 100ಕ್ಕೆ 694. ದೊಡ್ಡದಾಗಿ ಕಂಡ ಅಂತರ ಬಹುಪಾಲು ಕರಗಿ ಹೋಯಿತು. ಚೆನ್ನಾಗಿ ಬಲಿತ ಕಾಯಿಗೆ ನಾನು 444ರ ಕಡೆಗೆ ವಾಲುತ್ತೇನೆ, ಎಳೆಯದಾದರೆ 354ರ ಕಡೆಗೆ. ಚಿಕ್ಕಮ್ಮ ಕಾಯಿ ಕುಲುಕಿ ನೋಡಿಯೇ ಬಲಿತದ್ದೋ ಅಂತ ಹೇಳಬಲ್ಲರು. ಆ್ಯಪಿಗೆ ಅದು ಗೊತ್ತಾಗುವುದಿಲ್ಲ.

ನಮ್ಮ 110 ಕೂಡ ಕಲ್ಲಿನ ಮೇಲೆ ಬರೆದದ್ದಲ್ಲ. ಒಂದು ದಿನ ಅನ್ನ 610 ಗ್ರಾಂ ಆಗುತ್ತದೆ, ಇನ್ನೊಂದು ದಿನ 680. ಅಷ್ಟು ಹೆಚ್ಚುಕಡಿಮೆಗೆ ತಲೆ ಕೆಡಿಸಿಕೊಳ್ಳುವುದಿಲ್ಲ. ಮೂರು ಪಟ್ಟು ವ್ಯತ್ಯಾಸ ಬಂದಾಗ ಮಾತ್ರ ಊಟ ಕಡಿಮೆ ಮಾಡುವ ಮೊದಲು ಎಂಟ್ರಿಯನ್ನು ಅನುಮಾನಿಸಬೇಕು.

ಈಗ ಅನ್ನ ಎಷ್ಟು, ಮಾತ್ರೆ ಎಷ್ಟು ಎಂಬುದನ್ನು ಡಾಕ್ಟರೇ ಹೇಳುತ್ತಾರೆ. ನನ್ನ ಆ್ಯಪಿನಲ್ಲಿ "ಮನೆಯ ಅನ್ನ, ಬಸಿದದ್ದು" ಎಂಬ ನಮ್ಮದೇ ಎಂಟ್ರಿ ಇದೆ. ಮೊನ್ನೆ ಊಟಕ್ಕೆ ಕೂತಾಗ ಅಪ್ಪ ಬಟ್ಟಲನ್ನು ನನ್ನ ಕಡೆ ತಳ್ಳಿ ಕೇಳಿದರು: "ತೂಗುವುದಾದ್ರೆ ಬೇಗ ತೂಗು ಮಾರಾಯ. ನೀರೆಲ್ಲ ಆರಿ ಹೋದ್ರೆ ಪುನಃ ಲೆಕ್ಕ ತಪ್ಪಬಹುದು."